ಬಜೆಟ್, ಚುನಾವಣೆ, ಯುದ್ಧ: ಸುದ್ದಿ ಬಂದ ದಿನ ನಿಮ್ಮ ಎಸ್‌ಐಪಿಯನ್ನು ಏನು ಮಾಡಬೇಕು?

2024ರ ಜೂನ್ 4, ಮಂಗಳವಾರ. ಲೋಕಸಭೆ ಚುನಾವಣೆಯ ಮತ ಎಣಿಕೆ ನಡೆಯುತ್ತಿತ್ತು. ಹಿಂದಿನ ಶನಿವಾರ ಸಂಜೆ ಬಂದ ಎಕ್ಸಿಟ್ ಪೋಲ್‌ಗಳು ಆಡಳಿತ ಮೈತ್ರಿಕೂಟಕ್ಕೆ ಭರ್ಜರಿ ಗೆಲುವು ಅಂದಿದ್ದವು. ಅದನ್ನು ನಂಬಿ ಸೋಮವಾರ ನಿಫ್ಟಿ ಶೇ. 3ಕ್ಕಿಂತ ಜಾಸ್ತಿ ಏರಿ 23,264ಕ್ಕೆ ಬಂದು ನಿಂತಿತ್ತು. ಮಂಗಳವಾರ ಬೆಳಿಗ್ಗೆ ಎಣಿಕೆ ಮುಂದುವರಿದಂತೆ ಆ ಲೆಕ್ಕ ತಪ್ಪುತ್ತಿರುವುದು ಕಾಣತೊಡಗಿತು. ಪೇಟೆ ಜಾರಿತು, ಮಧ್ಯಾಹ್ನದ ಹೊತ್ತಿಗೆ 21,300ಕ್ಕಿಂತ ಕೆಳಗೂ ಇಳಿಯಿತು. ದಿನದ ಕೊನೆಗೆ ನಿಫ್ಟಿ 21,884. ಒಂದೇ ದಿನದಲ್ಲಿ ಶೇ. 5.9 ಕುಸಿತ. ಹೂಡಿಕೆದಾರರ 31 ಲಕ್ಷ ಕೋಟಿ ರೂಪಾಯಿ ಕರಗಿತು ಎಂಬ ಸಾಲು ಸಂಜೆಯವರೆಗೂ ಟಿವಿಯಲ್ಲಿ ಓಡುತ್ತಲೇ ಇತ್ತು.

ಬುಧವಾರ ನಿಫ್ಟಿ 22,620ಕ್ಕೆ ಬಂತು. ಗುರುವಾರ 22,821. ಶುಕ್ರವಾರ 23,290. ಅಂದರೆ ಎಕ್ಸಿಟ್ ಪೋಲ್ ನಂಬಿ ಏರಿದ್ದ ಮಟ್ಟವನ್ನೂ ಮೂರೇ ದಿನದಲ್ಲಿ ದಾಟಿತ್ತು.

ಆ ವಾರ ಏನೂ ಮಾಡದೆ ಕೂತವರಿಗೆ ಏನೂ ಆಗಲಿಲ್ಲ. ಮಂಗಳವಾರ ಭಯಪಟ್ಟು ಮಾರಿದವರಿಗೆ ಏನಾಯಿತು ಎಂಬುದನ್ನು ರೂಪಾಯಿ ಲೆಕ್ಕದಲ್ಲೇ ನೋಡೋಣ. ಸುದ್ದಿ ಕೇಳಿ ಮ್ಯೂಚುವಲ್ ಫಂಡ್ ಮಾರುವುದರಲ್ಲಿ ಇರುವ ತೊಡಕು ಆಗ ಸರಿಯಾಗಿ ಕಾಣುತ್ತದೆ.

ಜೂನ್ 4ರಂದು ಮಾರಿದ ಮೇಷ್ಟ್ರು

ತುಮಕೂರಿನ ಕಡೆಯ ಒಬ್ಬ ಮೇಷ್ಟ್ರು ಅಂತ ಇಟ್ಟುಕೊಳ್ಳಿ. ವರ್ಷಗಟ್ಟಲೆ ಎಸ್‌ಐಪಿ, ಅಂದರೆ ಫಂಡಿಗೆ ತಿಂಗಳ ಕಂತು, ಕಟ್ಟಿದ್ದಾರೆ. ಒಟ್ಟು ಹಾಕಿದ್ದು 5 ಲಕ್ಷ. ಜೂನ್ 3ರ ಸಂಜೆ ಅವರ ನಿಫ್ಟಿ ಇಂಡೆಕ್ಸ್ ಫಂಡಿನ ಬೆಲೆ 10 ಲಕ್ಷ. ಮರುದಿನ ಮಧ್ಯಾಹ್ನ ಪೇಟೆ ಬೀಳುವುದನ್ನು ನೋಡಿ, "ಈಗ ತೆಗೆದುಬಿಡ್ತೀನಿ, ತಣ್ಣಗಾದ ಮೇಲೆ ಮತ್ತೆ ಹಾಕ್ತೀನಿ" ಅಂತ ಮೊಬೈಲಿನಲ್ಲಿ ಮಾರುವ ಬಟನ್ ಒತ್ತುತ್ತಾರೆ.

ಮೊದಲ ತೊಡಕು ಇಲ್ಲಿಯೇ ಇದೆ. ಷೇರು ಮಾರಿದ ಹಾಗೆ ಫಂಡನ್ನು ಆ ಕ್ಷಣದ ಬೆಲೆಗೆ ಮಾರಲು ಆಗುವುದಿಲ್ಲ. ಮಧ್ಯಾಹ್ನ 3 ಗಂಟೆಯೊಳಗೆ ಕೋರಿಕೆ ಕೊಟ್ಟರೆ ಆ ದಿನದ ಎನ್‌ಎವಿ, ಅಂದರೆ ಒಂದು ಯೂನಿಟ್ಟಿನ ಬೆಲೆ, ಸಿಗುತ್ತದೆ. ಆ ಎನ್‌ಎವಿ ಲೆಕ್ಕ ಆಗುವುದು ಪೇಟೆ ಮುಚ್ಚಿದ ಮೇಲೆ. 3 ಗಂಟೆ ದಾಟಿದರೆ ಮರುದಿನದ್ದು. ಹಾಗಾಗಿ ಮೇಷ್ಟ್ರು ಬಟನ್ ಒತ್ತಿದಾಗ ತಾವು ಯಾವ ಬೆಲೆಗೆ ಮಾರುತ್ತಿದ್ದೇವೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಕೊನೆಗೆ ಸಿಕ್ಕಿದ್ದು 21,884ರ ಮಟ್ಟದ ಬೆಲೆ. 10 ಲಕ್ಷ ಇದ್ದದ್ದು ಸುಮಾರು 9,40,700 ಆಯಿತು.

ಎರಡನೆಯದು, ದುಡ್ಡು ಕೈಗೆ ಬರುವ ದಿನ. ಷೇರುಗಳಲ್ಲಿ ಹೂಡುವ ಈಕ್ವಿಟಿ ಫಂಡಿನ ಹಣ ಬ್ಯಾಂಕಿಗೆ ಬರಲು ಎರಡು ವ್ಯವಹಾರದ ದಿನ ಬೇಕು. ಜೂನ್ 4ರಂದು ಮಾರಿದ್ದು 6ರ ಗುರುವಾರ ಬರುತ್ತದೆ. ಅಷ್ಟರಲ್ಲಿ ಪೇಟೆ ಎರಡು ದಿನ ಏರಿಯಾಗಿದೆ. "ತಪ್ಪಾಯ್ತು, ವಾಪಸ್ ಹಾಕೋಣ" ಅಂದುಕೊಂಡರೂ ಕೊಳ್ಳುವಾಗ ಹಣ ಫಂಡಿನ ಖಾತೆಗೆ 3 ಗಂಟೆಯೊಳಗೆ ತಲುಪಿರಬೇಕು. ಹಾಗಾಗಿ ಮೇಷ್ಟ್ರಿಗೆ ಶುಕ್ರವಾರದ ಬೆಲೆಯೇ ಗತಿ. ಶುಕ್ರವಾರ ನಿಫ್ಟಿ 23,290. ಅದೇ 9,40,700 ರೂಪಾಯಿಗೆ ಈಗ ಮೊದಲಿಗಿಂತ ಶೇ. 6ರಷ್ಟು ಕಡಿಮೆ ಯೂನಿಟ್ ಸಿಗುತ್ತವೆ. ಸುಮ್ನೆ ಇದ್ದಿದ್ದರೆ ಅವರ ಹೂಡಿಕೆ 10,01,000 ರೂಪಾಯಿ ಆಗಿರುತ್ತಿತ್ತು. ಮೂರು ದಿನಕ್ಕೆ ಹೋದದ್ದು ಹತ್ತಿರ ಹತ್ತಿರ 60,000 ರೂಪಾಯಿ.

ಮೂರನೆಯದು ತೆರಿಗೆ. ಇದನ್ನು ಅನೇಕರು ಮರೆತೇ ಬಿಡುತ್ತಾರೆ. ಮೇಷ್ಟ್ರ ಲಾಭ ಸುಮಾರು 4.4 ಲಕ್ಷ. ಎಲ್ಲಾ ಯೂನಿಟ್‌ಗಳೂ ಒಂದು ವರ್ಷ ದಾಟಿದ್ದವು ಅಂದುಕೊಂಡರೆ, ಆಗಿನ ನಿಯಮದಂತೆ 1 ಲಕ್ಷ ಬಿಟ್ಟು ಉಳಿದದ್ದಕ್ಕೆ ಶೇ. 10. ಅಂದರೆ 34,000 ರೂಪಾಯಿ, ಮೇಲೆ ಸೆಸ್. ನ್ಯಾಯವಾಗಿ ಹೇಳಬೇಕೆಂದರೆ ಈ ತೆರಿಗೆ ಪೂರ್ತಿ ನಷ್ಟವಲ್ಲ. ಮತ್ತೆ ಕೊಂಡ ಯೂನಿಟ್‌ಗಳ ಖರೀದಿ ಬೆಲೆ ಈಗ ಹೆಚ್ಚಾಗಿದೆ, ಹಾಗಾಗಿ ಮುಂದೆ ಕಟ್ಟಬೇಕಾದ ತೆರಿಗೆ ಅಷ್ಟು ಕಡಿಮೆಯಾಗುತ್ತದೆ. ಆದರೆ ಹದಿನೈದು ವರ್ಷದ ನಂತರ ಕಟ್ಟಬಹುದಾಗಿದ್ದ ದುಡ್ಡನ್ನು ಇವತ್ತೇ ಕಟ್ಟಿದಂತಾಯಿತು. ಅದು ಆ ಹದಿನೈದು ವರ್ಷವೂ ಅವರ ಖಾತೆಯಲ್ಲೇ ಬೆಳೆಯಬಹುದಾಗಿತ್ತು.

ಇದರಲ್ಲಿ ಮೇಷ್ಟ್ರ ದುರದೃಷ್ಟಕ್ಕಿಂತ ಫಂಡಿನ ವ್ಯವಸ್ಥೆಯ ಪಾತ್ರವೇ ದೊಡ್ಡದು. ಫಂಡ್ ಇರುವುದೇ ವರ್ಷಗಟ್ಟಲೆ ಇಟ್ಟುಕೊಳ್ಳುವುದಕ್ಕೆ. ಒಳಗೆ ಹೊರಗೆ ಓಡಾಡಿದರೆ ಪ್ರತಿ ಸಲವೂ ಕೆಲವು ದಿನ ಪೇಟೆಯಿಂದ ಹೊರಗಿರುತ್ತೀರಿ. ದೊಡ್ಡ ಕುಸಿತ ಮತ್ತು ದೊಡ್ಡ ಏರಿಕೆ ಎರಡೂ ಅಕ್ಕಪಕ್ಕದ ದಿನಗಳಲ್ಲಿ ಬರುವುದು ಷೇರುಪೇಟೆಯಲ್ಲಿ ಮಾಮೂಲು.

ಗೆದ್ದರೂ ಪೇಟೆ ಬಿದ್ದದ್ದೇಕೆ?

ಆ ದಿನ ಗೆದ್ದವರು ಯಾರು ಅಂತ ನೋಡಿ. ಬಿಜೆಪಿಗೆ 240 ಸ್ಥಾನ, ಎನ್‌ಡಿಎಗೆ 293. ಬಹುಮತಕ್ಕೆ ಬೇಕಾದದ್ದು 272. ಇದ್ದ ಸರಕಾರವೇ ಮತ್ತೆ ಬಂತು. ಒಂದು ತಿಂಗಳ ಮುಂಚೆ ಯಾರಾದರೂ ನಿಮ್ಮ ಕಿವಿಯಲ್ಲಿ "ಎನ್‌ಡಿಎ ಗೆಲ್ಲುತ್ತೆ, ಅದೇ ಸರಕಾರ ಮುಂದುವರಿಯುತ್ತೆ" ಅಂತ ಖಚಿತವಾಗಿ ಹೇಳಿದ್ದರೆ, ಆ ಮಾತು ನಿಜವೇ ಆಗುತ್ತಿತ್ತು. ಅದನ್ನು ನಂಬಿ ಜೂನ್ 3ರಂದು ಕೊಂಡಿದ್ದರೆ ಮರುದಿನ ಶೇ. 6ರಷ್ಟು ನಷ್ಟವೂ ಆಗುತ್ತಿತ್ತು.

ಯಾಕೆಂದರೆ ಪೇಟೆಯ ಬೆಲೆಯಲ್ಲಿ ಎಲ್ಲರ ನಿರೀಕ್ಷೆ ಮೊದಲೇ ಸೇರಿಕೊಂಡಿರುತ್ತದೆ. ಸುದ್ದಿ ಬಂದಾಗ ಬೆಲೆ ಅಲುಗಾಡುವುದು ಆ ನಿರೀಕ್ಷೆಗೂ ನಡೆದದ್ದಕ್ಕೂ ಇರುವ ಅಂತರದಷ್ಟು. ಎಕ್ಸಿಟ್ ಪೋಲ್‌ಗಳು ಬಹುಮತಕ್ಕಿಂತ ತುಂಬಾ ಮೇಲಿನ ಸಂಖ್ಯೆ ಹೇಳಿದ್ದವು. ಆ ಸಂಖ್ಯೆ ಸೋಮವಾರವೇ ಬೆಲೆಯೊಳಗೆ ಬಂದುಬಿಟ್ಟಿತ್ತು. ಹಾಗಾಗಿ ಸುದ್ದಿಯಿಂದ ದುಡ್ಡು ಮಾಡಬೇಕೆಂದರೆ ಮೊದಲು ಏನಾಗುತ್ತದೆ ಎಂದು ಊಹಿಸಬೇಕು. ಆಮೇಲೆ ಉಳಿದವರೆಲ್ಲ ಏನಾಗುತ್ತದೆಂದು ಅಂದುಕೊಂಡಿದ್ದಾರೆ ಎಂಬುದನ್ನೂ ಅಳೆಯಬೇಕು. ಎರಡೂ ಸರಿ ಇರಬೇಕು. ಊರ ಕಟ್ಟೆಯಲ್ಲಿ ಫಲಿತಾಂಶ ಸರಿಯಾಗಿ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಎರಡನೆಯದನ್ನು ಅಳೆಯುವುದೇ ಕಷ್ಟ.

ಹಳೆಯ ಫಲಿತಾಂಶಗಳಲ್ಲೂ ಇದೇ ಕಥೆ. 2004ರಲ್ಲಿ ವಾಜಪೇಯಿ ಸರಕಾರ ಸೋತಿತು, ಅದನ್ನು ಪೇಟೆ ನಿರೀಕ್ಷಿಸಿರಲಿಲ್ಲ. ಮೇ 17ರ ಸೋಮವಾರ ವಹಿವಾಟನ್ನು ಎರಡು ಸಲ ನಿಲ್ಲಿಸಬೇಕಾಯಿತು. ಸೆನ್ಸೆಕ್ಸ್ ಶೇ. 11 ಬಿದ್ದು 4,505ಕ್ಕೆ ನಿಂತಿತು. ಅದೇ ವರ್ಷದ ಕೊನೆಗೆ ಅದು 6,600 ದಾಟಿತ್ತು. ಸರಕಾರ ಅದೇ, ಮೇ ತಿಂಗಳಲ್ಲಿ ಪೇಟೆಗೆ ಭಯ ಹುಟ್ಟಿಸಿದ ಸರಕಾರ. 2009ರ ಮೇ 18ರಂದು ಇದರ ತದ್ವಿರುದ್ಧ. ಫಲಿತಾಂಶ ಸ್ಪಷ್ಟವಾಗಿ ಬಂತು, ಪೇಟೆ ತೆರೆದ ಕೂಡಲೇ ಸರ್ಕ್ಯೂಟ್ ಬಿತ್ತು, ಸೆನ್ಸೆಕ್ಸ್ ಶೇ. 17 ಏರಿ ವಹಿವಾಟು ನಿಂತೇ ಹೋಯಿತು. ಫಲಿತಾಂಶ ನೋಡಿಕೊಂಡು ಆಮೇಲೆ ಕೊಳ್ಳೋಣ ಅಂತ ಹೊರಗೆ ಕಾಯುತ್ತಿದ್ದವರಿಗೆ ಕೊಳ್ಳಲು ಬಾಗಿಲೇ ತೆರೆದಿರಲಿಲ್ಲ.

"ಇನ್ನೂ ಬಿದ್ದಿದ್ದರೆ?"

ಇದು ನ್ಯಾಯವಾದ ಪ್ರಶ್ನೆ. ಜೂನ್ 2024ರಲ್ಲಿ ಪೇಟೆ ಬೇಗ ಎದ್ದಿತು, ಸರಿ. ಏಳದೆ ಇನ್ನೂ ಬಿದ್ದಿದ್ದರೆ ಮೇಷ್ಟ್ರು ಜಾಣರು ಅನ್ನಿಸಿಕೊಳ್ಳುತ್ತಿದ್ದರು ಅಲ್ವಾ? ಹಾಗೆ ಆದ ಉದಾಹರಣೆಯನ್ನೇ ತೆಗೆದುಕೊಳ್ಳೋಣ.

2020ರ ಮಾರ್ಚ್ 12. ಕೊರೋನಾ ಸುದ್ದಿಗೆ ಹೆದರಿ ಒಬ್ಬರು ಎಲ್ಲವನ್ನೂ ಮಾರಿದರು ಅನ್ನಿ. ಆ ದಿನ ನಿಫ್ಟಿ 9,590. ಅವರ ಭಯ ನಿಜವಾಯಿತು. ಮಾರ್ಚ್ 23ರಂದು ಒಂದೇ ದಿನ ಶೇ. 13 ಬಿದ್ದು ನಿಫ್ಟಿ 7,610ಕ್ಕೆ ಬಂತು. ಮಾರಿದ ಮೇಲೆ ಮತ್ತೆ ಶೇ. 20 ಇಳಿದಿದೆ. ಮಾರುವ ನಿರ್ಧಾರ ನೂರಕ್ಕೆ ನೂರು ಸರಿ.

ಈಗ ಅವರು ವಾಪಸ್ ಬರಬೇಕು. ಯಾವಾಗ? ಮರುದಿನ, 24ರ ರಾತ್ರಿ, ದೇಶಕ್ಕೆ 21 ದಿನದ ಲಾಕ್‌ಡೌನ್ ಘೋಷಣೆಯಾಯಿತು. ಅದನ್ನು ಕೇಳಿ ಷೇರು ಕೊಳ್ಳುವ ಮನಸ್ಸು ಯಾರಿಗೆ ಬರುತ್ತದೆ? ಏಪ್ರಿಲ್‌ನಲ್ಲಿ ಕಾರ್ಖಾನೆಗಳು ಮುಚ್ಚಿದ್ದವು, ಕೂಲಿಕಾರರು ಊರಿಗೆ ನಡೆದುಕೊಂಡೇ ಹೋಗುತ್ತಿದ್ದರು. ಸುದ್ದಿ ದಿನದಿಂದ ದಿನಕ್ಕೆ ಕೆಟ್ಟದಾಗುತ್ತಿತ್ತು, ಪೇಟೆ ಮಾತ್ರ ಮೇಲೆ ಹೋಗುತ್ತಿತ್ತು. ಜೂನ್ ಮೊದಲ ವಾರದಲ್ಲೇ ನಿಫ್ಟಿ 10,000 ದಾಟಿತು, ಅಂದರೆ ಅವರು ಮಾರಿದ ಬೆಲೆಗಿಂತ ಮೇಲೆ. ಆ ವರ್ಷದ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ದೇಶದ ಜಿಡಿಪಿ ಸುಮಾರು ಶೇ. 24 ಕುಸಿದಿದೆ ಎಂಬ ಅಂಕಿ ಹೊರಬಂದದ್ದು ಆಗಸ್ಟ್ 31ರಂದು. ಆ ದಿನ ನಿಫ್ಟಿ 11,300ರ ಮೇಲಿತ್ತು.

"ಪರಿಸ್ಥಿತಿ ತಿಳಿಯಾದ ಮೇಲೆ ವಾಪಸ್ ಬರ್ತೀನಿ" ಅನ್ನುವ ಯೋಜನೆ ಇಲ್ಲಿಯೇ ಕೈಕೊಡುವುದು. ಪರಿಸ್ಥಿತಿ ನಮಗೆ ನಿಮಗೆ ತಿಳಿಯಾಗಿ ಕಾಣುವ ಹೊತ್ತಿಗೆ ಬೆಲೆ ಮೇಲೆ ಹೋಗಿಯಾಗಿರುತ್ತದೆ. ಸರಿಯಾಗಿ ಮಾರಿದವರಲ್ಲೂ ಸರಿಯಾಗಿ ಮರಳಿ ಕೊಂಡವರು ಕಡಿಮೆ, ಯಾಕೆಂದರೆ ಕೊಳ್ಳಬೇಕಾದ ದಿನದ ಸುದ್ದಿ ಮಾರಿದ ದಿನದ ಸುದ್ದಿಗಿಂತ ಭೀಕರವಾಗಿರುತ್ತದೆ.

ಬಜೆಟ್ ಸ್ವಲ್ಪ ಬೇರೆ

ಚುನಾವಣೆ, ಯುದ್ಧ ಇವು ಬೆಲೆಯನ್ನು ಅಲುಗಾಡಿಸುತ್ತವೆ. ಬಜೆಟ್ ಹಾಗಲ್ಲ, ಅದು ಕೆಲವೊಮ್ಮೆ ನಿಯಮವನ್ನೇ ಬದಲಿಸುತ್ತದೆ. ಹಾಗಾಗಿ ಬಜೆಟ್ ವಿಷಯದಲ್ಲಿ "ಏನೂ ನೋಡಬೇಡಿ" ಅಂತ ನಾನು ಹೇಳುವುದಿಲ್ಲ. ಪೇಟೆ ಆ ದಿನ ಏರಿತೋ ಇಳಿಯಿತೋ ಎಂಬುದನ್ನು ಬಿಡಿ. 2020ರ ಬಜೆಟ್ ದಿನ ಸೆನ್ಸೆಕ್ಸ್ 988 ಅಂಕ ಬಿತ್ತು, 2021ರ ಬಜೆಟ್ ದಿನ 2,300ಕ್ಕೂ ಹೆಚ್ಚು ಅಂಕ ಏರಿತು. ಎರಡರಿಂದಲೂ ನಿಮ್ಮ ಯೋಜನೆಗೆ ಕಲಿಯುವಂಥದ್ದು ಏನೂ ಇಲ್ಲ. ನೋಡಬೇಕಾದದ್ದು ತೆರಿಗೆಯ ಸಾಲುಗಳನ್ನು.

2024ರ ಜುಲೈ 23ರ ಬಜೆಟ್ ತೆಗೆದುಕೊಳ್ಳಿ. ಷೇರು ಮತ್ತು ಈಕ್ವಿಟಿ ಫಂಡುಗಳ ದೀರ್ಘಾವಧಿ ಲಾಭದ ಮೇಲಿನ ತೆರಿಗೆ ಶೇ. 10ರಿಂದ 12.5ಕ್ಕೆ ಏರಿತು. ವರ್ಷಕ್ಕೆ 1 ಲಕ್ಷ ಇದ್ದ ವಿನಾಯಿತಿ 1.25 ಲಕ್ಷ ಆಯಿತು. ಆ ದಿನ ಎಷ್ಟೋ ಜನ ಸಿಟ್ಟಿನಿಂದ "ಇನ್ನು ಎಸ್‌ಐಪಿ ನಿಲ್ಲಿಸಿಬಿಡ್ತೀನಿ" ಅಂದರು. ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೂ ಲೆಕ್ಕ ಹಾಕಿ ನೋಡೋಣ.

ತಿಂಗಳಿಗೆ 10,000 ರೂಪಾಯಿಯ ಎಸ್‌ಐಪಿ, 20 ವರ್ಷ. ತಿಂಗಳಿಗೆ ಶೇ. 1ರಂತೆ ಬೆಳೆಯುತ್ತದೆ ಎಂದು ಲೆಕ್ಕಕ್ಕಾಗಿ ಮಾತ್ರ ಇಟ್ಟುಕೊಳ್ಳಿ, ಪೇಟೆ ಹಾಗೆ ಮಾತು ಕೊಟ್ಟಿಲ್ಲ. ಹಾಕಿದ್ದು 24 ಲಕ್ಷ, ಕೊನೆಗೆ ಆಗುವುದು ಸುಮಾರು 99.9 ಲಕ್ಷ. ಲಾಭ 75.9 ಲಕ್ಷ. ಎಲ್ಲವನ್ನೂ ಒಂದೇ ವರ್ಷ ಮಾರಿದರೆ ಹಳೆ ನಿಯಮದಲ್ಲಿ ತೆರಿಗೆ 7.5 ಲಕ್ಷದಷ್ಟು, ಹೊಸದರಲ್ಲಿ 9.3 ಲಕ್ಷದಷ್ಟು. ಬಜೆಟ್‌ನಿಂದ ನಿಮಗೆ ಬಿದ್ದ ಹೊರೆ ಸುಮಾರು 1.8 ಲಕ್ಷ, ಅದೂ ಇಪ್ಪತ್ತು ವರ್ಷದ ಕೊನೆಗೆ. ಮೂರ್ನಾಲ್ಕು ವರ್ಷಕ್ಕೆ ಹಂಚಿ ಮಾರಿದರೆ ಪ್ರತಿ ವರ್ಷವೂ 1.25 ಲಕ್ಷದ ವಿನಾಯಿತಿ ಸಿಕ್ಕಿ ಇನ್ನೂ ಕಡಿಮೆ.

ಈಗ ಸಿಟ್ಟಿನಿಂದ ಮೊದಲ ಒಂದು ವರ್ಷ ಎಸ್‌ಐಪಿ ನಿಲ್ಲಿಸಿದರೆ? ಆ ಹನ್ನೆರಡು ಕಂತುಗಳು 20ನೇ ವರ್ಷದ ಕೊನೆಗೆ ಸುಮಾರು 12.4 ಲಕ್ಷ ಆಗುತ್ತಿದ್ದವು. ಕಟ್ಟದ 1.2 ಲಕ್ಷ ಕೈಯಲ್ಲೇ ಉಳಿದಿರುತ್ತದೆ, ನಿಜ. ಅದು ಖರ್ಚಾಗದೆ ಉಳಿತಾಯ ಖಾತೆಯಲ್ಲೇ ಇದ್ದರೂ ಈ ಅಂತರ ತುಂಬುವುದಿಲ್ಲ. ತೆರಿಗೆ ತಂದ ನಷ್ಟಕ್ಕಿಂತ ಆ ಸಿಟ್ಟು ತಂದ ನಷ್ಟ ಎಷ್ಟೋ ಪಟ್ಟು ದೊಡ್ಡದು.

ಇನ್ನೊಂದು ವಿಷಯ: ಆ ಹೊಸ ದರ ಜಾರಿಗೆ ಬಂದದ್ದು ಅದೇ ದಿನದಿಂದ, ಜುಲೈ 23ರಿಂದಲೇ. ಮರುದಿನ ಮಾರಿ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. 2018ರಲ್ಲಿ ಈ ತೆರಿಗೆ ಮರಳಿ ಬಂದಾಗ ಬೇರೆ ವ್ಯವಸ್ಥೆ ಇತ್ತು. ಆ ವರ್ಷದ ಜನವರಿ 31ರವರೆಗೆ ಆಗಿದ್ದ ಲಾಭಕ್ಕೆ ತೆರಿಗೆ ಇಲ್ಲ ಅಂದಿದ್ದರು. ಹಾಗಾಗಿ ಬಜೆಟ್ ಓದುವಾಗ ದರದ ಜೊತೆಗೆ ಇನ್ನೆರಡನ್ನು ಹುಡುಕಿ. ಯಾವ ದಿನದಿಂದ? ಮೊದಲೇ ಕೊಂಡದ್ದಕ್ಕೂ ಅನ್ವಯವೇ?

ಭಾಷಣ ಮುಗಿದ ಕೂಡಲೇ ಎಲ್ಲವೂ ಖಚಿತ ಅಂದುಕೊಳ್ಳಬೇಡಿ. ಅದೇ 2024ರ ಬಜೆಟ್ ಮನೆ, ಸೈಟು ಮಾರುವವರಿಗೆ ಇದ್ದ ಇಂಡೆಕ್ಸೇಶನ್ ಅನುಕೂಲವನ್ನು ತೆಗೆದಿತ್ತು. ಅಂದರೆ ಹಣದುಬ್ಬರಕ್ಕೆ ತಕ್ಕಂತೆ ಖರೀದಿ ಬೆಲೆಯನ್ನು ಏರಿಸಿ ಲಾಭ ಲೆಕ್ಕ ಹಾಕುವ ಅವಕಾಶ. ತುಂಬಾ ವಿರೋಧ ಬಂತು. ಆಗಸ್ಟ್‌ನಲ್ಲಿ ತಿದ್ದುಪಡಿ ತಂದು, ಜುಲೈ 23ಕ್ಕೆ ಮುಂಚೆ ಕೊಂಡ ಆಸ್ತಿಗೆ ಹಳೆ ಲೆಕ್ಕ ಅಥವಾ ಹೊಸ ಲೆಕ್ಕ, ಯಾವುದರಲ್ಲಿ ತೆರಿಗೆ ಕಡಿಮೆಯೋ ಅದನ್ನು ಕಟ್ಟುವ ಅವಕಾಶ ಕೊಟ್ಟರು. 2023ರಲ್ಲಿ ಇದು ಉಲ್ಟಾ ಆಯಿತು. ಫೆಬ್ರವರಿ 1ರ ಭಾಷಣದಲ್ಲಿ ಇಲ್ಲದ ಬದಲಾವಣೆಯೊಂದು ಮಾರ್ಚ್ ಕೊನೆಯಲ್ಲಿ ಹಣಕಾಸು ಮಸೂದೆಗೆ ಸೇರಿಕೊಂಡಿತು. ಏಪ್ರಿಲ್ 1ರಿಂದ ಕೊಂಡ, ಸಾಲಪತ್ರಗಳಲ್ಲಿ ಹೂಡುವ ಡೆಟ್ ಫಂಡುಗಳ ಲಾಭಕ್ಕೆ ಎಷ್ಟು ವರ್ಷ ಇಟ್ಟುಕೊಂಡರೂ ನಿಮ್ಮ ಸ್ಲ್ಯಾಬ್ ದರದ ತೆರಿಗೆ ಎಂದಾಯಿತು. ಬಜೆಟ್ ದಿನ ಟಿವಿ ನೋಡಿ ನಿರ್ಧಾರ ಮಾಡಿದವರು ಎರಡು ಸಲವೂ ಅರ್ಧ ಮಾಹಿತಿಯ ಮೇಲೆ ನಿರ್ಧಾರ ಮಾಡಿದಂತಾಯಿತು.

ಹಾಗಾದರೆ ಬಜೆಟ್‌ನಿಂದ ಏನೂ ಬದಲಿಸಬಾರದಾ? ಬದಲಿಸಬೇಕಾದ ಸಂದರ್ಭ ಇದೆ. ಎಷ್ಟೋ ಜನ ಇಎಲ್‌ಎಸ್‌ಎಸ್ ಫಂಡಿಗೆ ದುಡ್ಡು ಹಾಕುತ್ತಿದ್ದದ್ದು 80ಸಿ ಸೆಕ್ಷನ್ನಿನ ತೆರಿಗೆ ವಿನಾಯಿತಿಗಾಗಿಯೇ. ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿ ಇಲ್ಲ. 2025ರ ಬಜೆಟ್ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಅಂದಾಗ ಸಂಬಳದವರು ದೊಡ್ಡ ಸಂಖ್ಯೆಯಲ್ಲಿ ಆ ಕಡೆ ವಾಲಿದರು. ನೀವೂ ಹಾಗೆ ಬದಲಾಗಿದ್ದರೆ, ಪ್ರತಿ ಕಂತಿಗೂ ಮೂರು ವರ್ಷದ ಬೀಗ ಇರುವ ಫಂಡಿಗೆ ವಿನಾಯಿತಿಯೇ ಇಲ್ಲದೆ ದುಡ್ಡು ಹಾಕುವುದರಲ್ಲಿ ಅರ್ಥವಿಲ್ಲ. ಅದೇ ಮೊತ್ತ, ಅದೇ ತಾರೀಖು, ಬೀಗವಿಲ್ಲದ ಇಂಡೆಕ್ಸ್ ಫಂಡಿಗೆ ಹೋಗಲಿ. ಹಳೆಯ ಯೂನಿಟ್‌ಗಳನ್ನು ಮುಟ್ಟಬೇಕಾಗಿಲ್ಲ. ತಿಂಗಳ ಸಂಬಳದಿಂದ ಕಡಿತ ಕಡಿಮೆಯಾಗಿ ಕೈಗೆ ಜಾಸ್ತಿ ಬರುತ್ತಿದ್ದರೆ ಅದರಲ್ಲಿ ಒಂದು ಭಾಗವನ್ನು ಎಸ್‌ಐಪಿಗೆ ಸೇರಿಸಬಹುದು. ಮಗಳ ಕಾಲೇಜಿಗೆ 2038ರಲ್ಲಿ ಇಷ್ಟು ಬೇಕು ಎಂಬ ಗುರಿ, ಈಕ್ವಿಟಿಯಲ್ಲಿ ಇಷ್ಟು ಪಾಲು ಎಂಬ ತೀರ್ಮಾನ, ಇವೆರಡೂ ಹಾಗೇ ಇವೆ. ಯಾವ ಫಂಡಿನ ಮೂಲಕ ಹೋಗುವುದು ಎಂಬುದಷ್ಟೇ ಬದಲಾಗಿದೆ.

ಯಾವ ಕುಸಿತಕ್ಕೆ ಕೈ ಹಾಕಬೇಕು?

ಸುಮ್ನೆ ಕೂರುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಪೇಟೆ ಬೀಳುವಾಗ ಏನಾದರೂ ಮಾಡಬೇಕು ಅನ್ನಿಸುತ್ತದೆ. ಅದಕ್ಕೊಂದು ಅಳತೆ ಬೇಕು, ಅದು ಮೊದಲೇ ಬರೆದಿಟ್ಟದ್ದಾಗಿರಬೇಕು. ನನಗೆ ಸರಿ ಕಂಡಿರುವುದು ಪಾಲಿನ ಅಳತೆ.

10 ಲಕ್ಷದಲ್ಲಿ 6 ಲಕ್ಷ ಈಕ್ವಿಟಿ, 4 ಲಕ್ಷ ಎಫ್‌ಡಿ ಅಥವಾ ಡೆಟ್ ಫಂಡ್. 60:40. ನಿಯಮ ಇಷ್ಟೇ: ಪ್ರತಿ ತಿಂಗಳ ಕೊನೆಯ ದಿನ ನೋಡುವುದು. ಈಕ್ವಿಟಿ ಪಾಲು 55ಕ್ಕಿಂತ ಕೆಳಗೆ ಅಥವಾ 65ಕ್ಕಿಂತ ಮೇಲೆ ಹೋಗಿದ್ದರೆ ಮಾತ್ರ 60ಕ್ಕೆ ತರುವುದು. ನಡುವೆ ಇದ್ದರೆ ಏನೂ ಮಾಡುವುದಿಲ್ಲ.

ಈ ಅಳತೆಯಲ್ಲಿ ಜೂನ್ 4, 2024 ಹೇಗೆ ಕಾಣುತ್ತದೆ? 6 ಲಕ್ಷ ಇದ್ದದ್ದು 5.64 ಲಕ್ಷ ಆಯಿತು. ಒಟ್ಟು 9.64 ಲಕ್ಷ. ಈಕ್ವಿಟಿ ಪಾಲು 58.5. ಏನೂ ಮಾಡಬೇಕಾಗಿಲ್ಲ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿಗೆ ನುಗ್ಗಿದಾಗ ಸೆನ್ಸೆಕ್ಸ್ 2,700 ಅಂಕ ಬಿದ್ದಿತ್ತು, ಹತ್ತಿರ ಶೇ. 5. ಅದಕ್ಕೂ ಇದೇ ಉತ್ತರ. ಅಮೆರಿಕದ ಸುಂಕದ ಸುದ್ದಿಗೆ 2025ರ ಏಪ್ರಿಲ್ 7ರಂದು ನಿಫ್ಟಿ 22,161ಕ್ಕೆ ಬಂದಾಗ, ಹಿಂದಿನ ಸೆಪ್ಟೆಂಬರ್‌ನ 26,216ರ ಎತ್ತರದಿಂದ ಲೆಕ್ಕ ಹಾಕಿದರೆ ಶೇ. 15ಕ್ಕಿಂತ ಜಾಸ್ತಿ ಕುಸಿತ. ಎತ್ತರದಲ್ಲಿ 60:40 ಇದ್ದವರ ಪಾಲು ಆಗ 56ರ ಹತ್ತಿರ. ಆಗಲೂ ಗೆರೆ ದಾಟಿರಲಿಲ್ಲ. ಎರಡೇ ದಿನದಲ್ಲಿ, ಏಪ್ರಿಲ್ 9ರಂದು, ಹೆಚ್ಚಿನ ದೇಶಗಳ ಮೇಲಿನ ಆ ಹೆಚ್ಚುವರಿ ಸುಂಕವನ್ನು 90 ದಿನ ತಡೆಹಿಡಿದರು.

ಗೆರೆ ದಾಟಿದ್ದು ಕೊರೋನಾದಲ್ಲಿ. 2020ರ ಜನವರಿಯ ಎತ್ತರ 12,362. ಮಾರ್ಚ್ 31ಕ್ಕೆ ನಿಫ್ಟಿ 8,598, ಶೇ. 30 ಕಡಿಮೆ. 6 ಲಕ್ಷ ಇದ್ದದ್ದು 4.17 ಲಕ್ಷ ಆಗಿ ಪಾಲು 51ಕ್ಕೆ ಇಳಿಯಿತು. ನಿಯಮ ಏನು ಹೇಳುತ್ತದೆ? ಡೆಟ್ ಕಡೆಯಿಂದ ಸುಮಾರು 73,000 ರೂಪಾಯಿ ತೆಗೆದು ಈಕ್ವಿಟಿಗೆ ಹಾಕು. ಎಲ್ಲರೂ ಮಾರುತ್ತಿದ್ದಾಗ ನೀವು ಸ್ವಲ್ಪ ಕೊಳ್ಳುತ್ತೀರಿ. ಮಾರ್ಚ್ 23ರ ತಳ ನಿಮಗೆ ಸಿಗಲಿಲ್ಲ, ಪರವಾಗಿಲ್ಲ. ಪೇಟೆ ಏರಿ ಪಾಲು 65 ದಾಟಿದಾಗ ಇದೇ ನಿಯಮ ಸ್ವಲ್ಪ ಮಾರಿಸುತ್ತದೆ.

ಇದನ್ನು ಮಾಡುವಾಗ ಒಂದು ಎಚ್ಚರ. ಡೆಟ್ ಭಾಗ ಅಂತ ಲೆಕ್ಕ ಹಾಕಿದ್ದು ಪಿಎಫ್‌ನಲ್ಲೋ ಪಿಪಿಎಫ್‌ನಲ್ಲೋ ಇದ್ದರೆ ಬೇಕೆಂದಾಗ ಪೂರ್ತಿಯಾಗಿ ತೆಗೆಯಲು ಆಗುವುದಿಲ್ಲ. ಕನಿಷ್ಠ ಒಂದು ಭಾಗವಾದರೂ ತೆಗೆಯಲು ಬರುವಂಥ ಎಫ್‌ಡಿಯಲ್ಲೋ ಲಿಕ್ವಿಡ್ ಫಂಡಿನಲ್ಲೋ ಇರಲಿ. ಮಾರಿದರೆ ತೆರಿಗೆ ಬೀಳುತ್ತದೆ ಅನ್ನಿಸಿದರೆ ಮಾರದೆಯೂ ಸರಿಪಡಿಸಬಹುದು. ಮುಂದಿನ ಕೆಲವು ತಿಂಗಳ ಹೊಸ ಉಳಿತಾಯವನ್ನೆಲ್ಲ ಕಡಿಮೆ ಇರುವ ಕಡೆಗೆ ಹಾಕಿದರಾಯಿತು.

ಈ ಮಾತು ಯಾರಿಗೆ ಹೊಂದುವುದಿಲ್ಲ

ಪೇಟೆ ಪ್ರತಿ ಸಲ ಮೂರು ದಿನದಲ್ಲೋ ಎಂಟು ತಿಂಗಳಲ್ಲೋ ಏಳುತ್ತದೆ ಎಂದು ನಂಬಿಸುವುದು ಮೋಸ. 2008ರ ಜನವರಿಯಲ್ಲಿ 20,800ರ ಮೇಲೆ ಮುಕ್ತಾಯವಾಗಿದ್ದ ಸೆನ್ಸೆಕ್ಸ್ 2009ರ ಮಾರ್ಚ್‌ನಲ್ಲಿ 8,160ಕ್ಕೆ ಬಂತು. 2010ರ ನವೆಂಬರ್‌ನಲ್ಲಿ ಹಳೆಯ ಎತ್ತರ ಮುಟ್ಟಿ ಮತ್ತೆ ಜಾರಿತು, ಅಲ್ಲಿಂದ ಗಟ್ಟಿಯಾಗಿ ಮೇಲೆ ಹೋಗಲು 2013ರ ಕೊನೆಯವರೆಗೆ ಕಾಯಬೇಕಾಯಿತು. ಹತ್ತಿರ ಆರು ವರ್ಷ. ಜಪಾನಿನ ನಿಕ್ಕೆಯಂತೂ 1989ರ ಡಿಸೆಂಬರ್‌ನ ಎತ್ತರ ದಾಟಿದ್ದು 2024ರ ಫೆಬ್ರವರಿಯಲ್ಲಿ.

ಹಾಗಾಗಿ ಮುಂದಿನ ಮೂರ್ನಾಲ್ಕು ವರ್ಷದಲ್ಲಿ ಬೇಕಾಗುವ ದುಡ್ಡು, ಮಗಳ ಮದುವೆಯದ್ದಿರಲಿ, ಮನೆಯ ಮುಂಗಡದ್ದಿರಲಿ, ಈಕ್ವಿಟಿಯಲ್ಲಿ ಇರಬಾರದು. ಅಲ್ಲಿದ್ದರೆ ಜೂನ್ 4ರಂಥ ದಿನ ನಿಮ್ಮ ಭಯ ಸರಿಯಾದದ್ದೇ. ತಪ್ಪಿರುವುದು ದುಡ್ಡನ್ನು ಇಟ್ಟ ಜಾಗದಲ್ಲಿ, ಅದನ್ನು ಸುದ್ದಿ ಇಲ್ಲದ ಸಮಾಧಾನದ ದಿನ ಸರಿಪಡಿಸಬೇಕು. ಗುರಿಯ ವರ್ಷ ಹತ್ತಿರ ಬಂದಂತೆ ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಎಫ್‌ಡಿ ಕಡೆಗೆ ಸರಿಸುತ್ತಾ ಬಂದರೆ ಕೊನೆಯ ಗಳಿಗೆಯ ಓಡಾಟ ಇರುವುದಿಲ್ಲ. ಪೂರ್ತಿ ದುಡ್ಡನ್ನು ಒಂದೆರಡು ಷೇರುಗಳಲ್ಲೇ ಹಾಕಿದವರಿಗೂ ಇಲ್ಲಿಯ ಮಾತು ಅನ್ವಯಿಸುವುದಿಲ್ಲ. ಸೂಚ್ಯಂಕ ಏಳಬಹುದು, ಆ ಒಂದು ಕಂಪನಿ ಏಳದೇ ಇರಬಹುದು.

ಬೆಂಗಳೂರಿನ ಐಟಿಯವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಅಮೆರಿಕದ ಸುದ್ದಿ ನಿಮಗೆ ಬರೀ ಸುದ್ದಿಯಲ್ಲ. 2022ರಲ್ಲಿ ಅಲ್ಲಿನ ನಾಸ್ಡಾಕ್ ಶೇ. 30ಕ್ಕಿಂತ ಜಾಸ್ತಿ ಬಿತ್ತು. ಅದೇ ಕಂಪನಿಗಳ ಷೇರು ಸಂಬಳದ ಜೊತೆ ಸಿಗುತ್ತಿದ್ದವರಿಗೆ ಷೇರಿನ ಬೆಲೆಯೂ ಹೋಯಿತು, ಹಿಂದೆಯೇ ಕೆಲಸ ಕಳೆಯುವ ಸುದ್ದಿಯೂ ಬಂತು. ಸಂಬಳ ಮತ್ತು ಹೂಡಿಕೆ ಎರಡೂ ಒಂದೇ ಕಡೆ ನೇತುಹಾಕಿಕೊಂಡಿದ್ದರೆ ಇಲ್ಲಿ ಹೇಳಿದ 60:40 ಲೆಕ್ಕ ನಿಮ್ಮನ್ನು ಕಾಪಾಡುವುದಿಲ್ಲ. ಕೆಲಸ ಹೋದವರು ಪೇಟೆ ಬಿದ್ದಾಗಲೇ ಮನೆ ಸಾಲದ ಕಂತಿಗಾಗಿ ಯೂನಿಟ್ ಮಾರಬೇಕಾಗುತ್ತದೆ. ಅಂಥವರು ಕಂಪನಿ ಷೇರು ಕೈಗೆ ಬಂದಂತೆಲ್ಲ ಒಂದು ಭಾಗವನ್ನು ಮಾರಿ ಬೇರೆ ಕಡೆ ಹಾಕುವುದು ಒಳ್ಳೆಯದು. ಇಎಂಐ ಸೇರಿಸಿ ಒಂದು ವರ್ಷದ ಮನೆ ಖರ್ಚನ್ನು ಎಫ್‌ಡಿಯಲ್ಲಿ ಇಟ್ಟುಕೊಳ್ಳಬೇಕು. ಉಳಿದವರಿಗೆ ಆರು ತಿಂಗಳದ್ದು ಸಾಕು.

ಈ ನಿಯಮಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಿ, ಮನೆಯಾಕೆಗೋ ಯಜಮಾನರಿಗೋ ತೋರಿಸಿ. ಯಾವ ಗುರಿ, ಯಾವ ವರ್ಷ, ಈಕ್ವಿಟಿ ಎಷ್ಟು ಪಾಲು, ಯಾವ ಗೆರೆ ದಾಟಿದರೆ ಏನು ಮಾಡುವುದು, ಗುರಿಗೆ ಎಷ್ಟು ವರ್ಷ ಉಳಿದಾಗ ಎಫ್‌ಡಿಗೆ ಸರಿಸುವುದು. ಇಷ್ಟು ಸಾಕು. ಪೂರ್ತಿ ಯೋಜನೆಯನ್ನು ಮತ್ತೆ ನೋಡಲು ವರ್ಷಕ್ಕೊಂದು ದಿನ ಇಟ್ಟುಕೊಳ್ಳಿ. ಏಪ್ರಿಲ್ ಎರಡನೇ ವಾರ ಒಳ್ಳೆಯ ಸಮಯ. ಫೆಬ್ರವರಿಯಲ್ಲಿ ಬಜೆಟ್ ಬಂದ ವರ್ಷ ಅಷ್ಟರಲ್ಲಿ ಹಣಕಾಸು ಮಸೂದೆ ಸಾಮಾನ್ಯವಾಗಿ ಪಾಸಾಗಿರುತ್ತದೆ, ಭಾಷಣದಲ್ಲಿ ಹೇಳಿದ್ದರಲ್ಲಿ ಉಳಿದದ್ದೆಷ್ಟು, ಹೊಸದಾಗಿ ಸೇರಿದ್ದೆಷ್ಟು ಎಂಬುದು ಗೊತ್ತಾಗಿರುತ್ತದೆ. ಚುನಾವಣೆ ಇದ್ದ ವರ್ಷ, 2024ರ ಹಾಗೆ, ಪೂರ್ಣ ಬಜೆಟ್ ಜುಲೈಗೆ ಹೋದರೆ ಈ ಕೆಲಸವನ್ನೂ ಸೆಪ್ಟೆಂಬರ್‌ಗೆ ಹಾಕಿಕೊಳ್ಳಿ. ಸಂಬಳದವರಿಗೆ ಹಳೆ ತೆರಿಗೆ ಪದ್ಧತಿಯೋ ಹೊಸದೋ ಅಂತ ಆಫೀಸಿನಿಂದ ಕೇಳುವುದೂ ಏಪ್ರಿಲ್‌ನಲ್ಲೇ. ಅದಕ್ಕೆ ಉತ್ತರ ಕೊಡುವ ದಿನವೇ ಈ ಹಾಳೆಯನ್ನೂ ತೆಗೆದು, ಇಎಲ್‌ಎಸ್‌ಎಸ್ ಮುಂದುವರಿಸಬೇಕೋ ಬೇಡವೋ, ಎಸ್‌ಐಪಿ ಎಷ್ಟು ಏರಿಸಬಹುದು ಎಂಬುದನ್ನು ಒಟ್ಟಿಗೇ ತೀರ್ಮಾನಿಸಬಹುದು.